ಬೆನ್ನಿನ ಕಪ್ಪು ಗಂಟು, ಹಿಮ್ಮಡಿಯ ಕಪ್ಪು ಕಲೆ: ಡಾಕ್ಟರಿಗೆ ಮೊದಲು ತೋರಿಸಬೇಕಾದ್ದು ಯಾವುದು?

ಐವತ್ತು ದಾಟಿದವರ ಬೆನ್ನು, ಎದೆ, ಕೆನ್ನೆ, ಕೂದಲಂಚಿನಲ್ಲಿ ಕಂದು ಅಥವಾ ಕಪ್ಪು ಗಂಟುಗಳು ಒಂದೊಂದಾಗಿ ಏಳುತ್ತವೆ. ಮುಟ್ಟಿದರೆ ಒರಟು, ತುಸು ಜಿಡ್ಡು. ಹಲಸಿನ ಮೇಣ ಮೈಮೇಲೆ ಬಿದ್ದು ಒಣಗಿದ ಹಾಗೆ, ಉಗುರಿನಿಂದ ಎಬ್ಬಿದರೆ ಕಿತ್ತು ಬಂದೀತೇನೋ ಅನ್ನಿಸುತ್ತದೆ. ಚರ್ಮವೈದ್ಯರು ಇದಕ್ಕೆ ಸೆಬೊರಿಕ್ ಕೆರಟೋಸಿಸ್ ಎನ್ನುತ್ತಾರೆ. ಮನೆಯಲ್ಲಿ ನರುಲಿ ಎಂದುಬಿಡುವುದೇ ಹೆಚ್ಚು. ಆದರೆ ನರುಲಿ ವೈರಸ್‌ನಿಂದ ಬರುವಂಥದ್ದು, ಒಬ್ಬರಿಂದ ಇನ್ನೊಬ್ಬರಿಗೆ ಅಂಟುತ್ತದೆ. ಈ ಗಂಟು ಅಂಟುವುದಿಲ್ಲ. ಕ್ಯಾನ್ಸರೂ ಅಲ್ಲ, ಮುಂದೆ ಕ್ಯಾನ್ಸರಾಗಿ ತಿರುಗುವ ಜಾತಿಯದೂ ಅಲ್ಲ.

ಮೆಲನೋಮಾ ಎಂಬುದು ಬೇರೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಅದು. ಅದೂ ಕಪ್ಪು, ಇದೂ ಕಪ್ಪು. ಹೀಗಾಗಿ ಗೊಂದಲ. ನಮ್ಮ ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ, ಆದರೆ ಬಂದಾಗ ಬಹಳಷ್ಟು ಸಲ ಬಿಸಿಲೇ ಬೀಳದ ಜಾಗವನ್ನು ಹಿಡಿಯುತ್ತದೆ: ಅಂಗಾಲು, ಅಂಗೈ, ಉಗುರಿನ ಬುಡ. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳೆಲ್ಲ ಹೆಚ್ಚಾಗಿ ಬಿಳಿಯರ ಬೆನ್ನು, ಕಾಲುಗಳದ್ದು. ಅದನ್ನು ನೋಡಿ ಇಲ್ಲಿಯವರು ಬೆನ್ನಿನ ಗಂಟಿಗೆ ಹೆದರುತ್ತಾರೆ, ಪಾದದ ಕಲೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಪರೀಕ್ಷೆ ಶುರುವಾಗುವುದು ಕಲೆ ಹೇಗಿದೆ ಎಂಬುದರಿಂದಲ್ಲ, ಎಲ್ಲಿದೆ ಎಂಬುದರಿಂದ.

ಮೊದಲು ಜಾಗ ನೋಡಿ

ಸೆಬೊರಿಕ್ ಕೆರಟೋಸಿಸ್ ಮೈಯ ಬಹುತೇಕ ಎಲ್ಲ ಕಡೆ ಬರಬಹುದು. ಅಂಗೈ, ಅಂಗಾಲಿನಲ್ಲಿ ಮತ್ತು ಬಾಯಿಯ ಒಳಪದರದಂಥ ಒದ್ದೆ ಜಾಗಗಳಲ್ಲಿ ಮಾತ್ರ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಗುರುತು ಇದು, ಲೆನ್ಸೂ ಬೇಡ, ಕಲಿಕೆಯೂ ಬೇಡ. ಹಿಮ್ಮಡಿಯಲ್ಲೋ ಅಂಗೈಯಲ್ಲೋ ಒಂದು ಕಪ್ಪು ಕಲೆ ಹೊಸದಾಗಿ ಬಂದು ಬೆಳೆಯುತ್ತಿದ್ದರೆ, ಬೆನ್ನಿನಲ್ಲಿ ಅಂಥದ್ದು ಇಪ್ಪತ್ತಿವೆ, ಇದೂ ಅದೇ ಇರಬೇಕು ಎಂಬ ಸಮಾಧಾನ ಅಲ್ಲಿಗೆ ಸಲ್ಲದು.

ಸಿರಸಿ, ಸಿದ್ದಾಪುರದ ಕಡೆ ತೋಟದಲ್ಲಿ ಬರಿಗಾಲಿನಲ್ಲಿ ತಿರುಗುವವರ ಪಾದ ಓದುವುದು ಸುಲಭವಲ್ಲ. ಅಡಿಕೆ ಸುಲಿಯುವ, ಬೇಯಿಸುವ ಕಾಲದಲ್ಲಿ ಕೈಕಾಲಿಗೆ ಚೊಗರು ಹತ್ತಿ ಕಪ್ಪಾಗಿರುತ್ತದೆ. ಒಡೆದ ಹಿಮ್ಮಡಿಯ ಸೀಳುಗಳಲ್ಲಿ ಮಣ್ಣು ಕೂತಿರುತ್ತದೆ. ಕರಾವಳಿಯಲ್ಲಿ ಬಲೆ ಎಳೆಯುವವರಿಗೆ ಕಪ್ಪೆಚಿಪ್ಪು ಕೊಯ್ದ ಗಾಯ, ಒಳಗೆ ರಕ್ತ ಕಟ್ಟಿದ ಕಪ್ಪು ಚುಕ್ಕೆ ಹೊಸದೇನಲ್ಲ. ಇವನ್ನೆಲ್ಲ ಬೇರ್ಪಡಿಸಲು ಕಾಲವೇ ಸಾಕ್ಷಿ. ಚೊಗರು ಮತ್ತು ಕಟ್ಟಿದ ರಕ್ತ ಇರುವುದು ಚರ್ಮದ ಸತ್ತ ಮೇಲ್ಪದರದಲ್ಲಿ. ಆ ಪದರ ಸವೆದು ಉದುರಿದಂತೆ ಕಲೆಯೂ ಹೋಗಬೇಕು. ಹೀಗೆ ಮಾಡಿ: ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕಾಲಿಟ್ಟು, ಸೋಪು ಹಾಕಿ ಉಜ್ಜಿ, ಒರೆಸಿ, ಒಂದು ಫೋಟೊ ತೆಗೆದಿಡಿ. ನಾಲ್ಕು ವಾರದ ಮೇಲೆ ಇನ್ನೊಂದು. ಕಲೆ ಹೋಗಿದ್ದರೆ, ಇಲ್ಲವೇ ಚಿಕ್ಕದಾಗಿ ಚೂರುಚೂರಾಗಿದ್ದರೆ ಸಮಾಧಾನ. ಅಷ್ಟೇ ಇದ್ದರೆ ಅಥವಾ ಹಿಗ್ಗಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಕಲೆ ಆರು ತಿಂಗಳಿಂದ ಇದೆ, ದೊಡ್ಡದಾಗುತ್ತಿದೆ ಎಂದು ಈಗಾಗಲೇ ಗೊತ್ತಿದ್ದರೆ ಈ ನಾಲ್ಕು ವಾರವೂ ಬೇಡ, ನೇರ ಹೋಗಿ.

ಉಗುರಿಗೂ ಇದೇ ತರ್ಕ. ಬಾಗಿಲಿಗೆ ಸಿಕ್ಕಿ, ಕಲ್ಲು ಎಡವಿ ರಕ್ತ ಕಟ್ಟಿದರೆ ಆ ಕಪ್ಪು ಉಗುರಿನ ಜತೆಗೇ ಮುಂದೆ ಸರಿಯುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಎರಡು ತಿಂಗಳ ನಂತರ ಕಾಲಿನ ಹೆಬ್ಬೆರಳಿನಲ್ಲಿ ಬುಡದ ಕಡೆ ಎರಡು ಮೂರು ಮಿಲಿಮೀಟರ್ ಶುಭ್ರ ಉಗುರು ಕಾಣಬೇಕು. ಮೆಲನೋಮಾದ ಕಪ್ಪು ಸರಿಯುವುದಿಲ್ಲ. ಬುಡದಿಂದ ತುದಿಯವರೆಗೆ ಪಟ್ಟಿಯಾಗಿ ನಿಂತು ಅಗಲವಾಗುತ್ತ ಹೋಗುತ್ತದೆ, ಕೆಲವೊಮ್ಮೆ ಬಣ್ಣ ಉಗುರು ದಾಟಿ ಪಕ್ಕದ ಚರ್ಮಕ್ಕೂ ಚೆಲ್ಲುತ್ತದೆ. ಕಪ್ಪು ಮೈಬಣ್ಣದ ಅನೇಕರಿಗೆ ನಾಲ್ಕೈದು ಉಗುರಿನಲ್ಲಿ ತೆಳು ಕಂದು ಗೆರೆಗಳು ಸಹಜವಾಗಿಯೇ ಇರುತ್ತವೆ, ಅದಕ್ಕೆ ಗಾಬರಿ ಬೇಡ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ನಡುವಯಸ್ಸಿನ ನಂತರ ಹೊಸದಾಗಿ ಬಂದ, 3 ಮಿಲಿಮೀಟರಿಗಿಂತ ಅಗಲದ ಪಟ್ಟಿಯನ್ನು ತೋರಿಸಲೇಬೇಕು.

ಉಳಿದ ಮೈಯಲ್ಲಾದರೆ: ಅಂಚು, ಮೇಲ್ಮೈ

ಜಾಗ ಪಾದವಲ್ಲ, ಬೆನ್ನೋ ಸೊಂಟವೋ ಆಗಿದ್ದರೆ ಮುಂದಿನ ಕೆಲಸ ಕಣ್ಣಿನದು. ಬೇಕಾದ್ದು ಮೂರು ವಸ್ತು: ಮೊಬೈಲಿನ ಟಾರ್ಚು, ಮಿಲಿಮೀಟರ್ ಗೆರೆಯಿರುವ ಸ್ಕೇಲು, ಒಂದು ಹನಿ ತೆಂಗಿನೆಣ್ಣೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಲೆನ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆನ್ನು ನೋಡಲು ಇನ್ನೊಬ್ಬರು ಬೇಕೇ ಬೇಕು. ಕನ್ನಡಿಯಲ್ಲಿ ತಾವೇ ನೋಡಿಕೊಳ್ಳುತ್ತೇನೆ ಎನ್ನುವವರು ಅರ್ಧ ಬೆನ್ನು ಬಿಟ್ಟಿರುತ್ತಾರೆ.

ಮೊದಲು ಟಾರ್ಚನ್ನು ಪಕ್ಕದಿಂದ, ಚರ್ಮಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಸೆಬೊರಿಕ್ ಕೆರಟೋಸಿಸ್ ಆಗಿದ್ದರೆ ಅಂಚಿನಲ್ಲಿ ಸಣ್ಣ ಮೆಟ್ಟಿಲಿನಂತೆ ನೆರಳು ಬೀಳುತ್ತದೆ. ಚರ್ಮ ಎಲ್ಲಿ ಮುಗಿಯಿತು, ಗಂಟು ಎಲ್ಲಿ ಶುರುವಾಯಿತು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯಬಹುದಾದಷ್ಟು ಸ್ಪಷ್ಟ. ಕಾರಣ ಸರಳ: ಇಲ್ಲಿ ಹೆಚ್ಚಿಗೆ ಬೆಳೆದದ್ದು ಚರ್ಮದ ಮೇಲ್ಪದರದ ಸಾಮಾನ್ಯ ಕೋಶಗಳು, ಅವು ಮೇಲಕ್ಕೇ ದಪ್ಪವಾಗುತ್ತವೆಯೇ ಹೊರತು ಕೆಳಗೆ ಬೇರು ಬಿಡುವುದಿಲ್ಲ. ಮೆಲನೋಮಾ ಹುಟ್ಟುವುದು ಆ ಮೇಲ್ಪದರದ ತಳದಲ್ಲಿ. ಅದು ಮೊದಲು ಅಡ್ಡಕ್ಕೆ ಹರಡಿ, ಆಮೇಲೆ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಆರಂಭದ ಮೆಲನೋಮಾ ಸಾಮಾನ್ಯವಾಗಿ ಚಪ್ಪಟೆ, ಮುಟ್ಟಿದರೆ ನುಣುಪು, ಅಂಚು ಕೆಲವೆಡೆ ಶಾಯಿ ಹೀರಿದ ಕಾಗದದಂತೆ ಮಸುಕು.

ಈಗ ಎಣ್ಣೆ ಹನಿ ಹಚ್ಚಿ ಲೆನ್ಸಿನಲ್ಲಿ ನೋಡಿ. ಎಣ್ಣೆ ಮೇಲ್ಮೈಯ ಹೊಳಪು ಕಳೆದು ಒಳಗಿನದನ್ನು ಕಾಣಿಸುತ್ತದೆ. ಸೆಬೊರಿಕ್ ಕೆರಟೋಸಿಸ್‌ನಲ್ಲಿ ರವೆಕಾಳಿನಷ್ಟು ಬಿಳಿ ಚುಕ್ಕೆಗಳು, ಅವುಗಳ ನಡುವೆ ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್‌ನಂಥ ಕಪ್ಪು ತೂತುಗಳು ಕಾಣಬಹುದು. ಬಿಳಿಯದು ಒಳಗೆ ಸಿಕ್ಕಿಕೊಂಡ ಕೆರಟಿನ್ ಎಂಬ ಚರ್ಮದ ಗಟ್ಟಿ ಪದಾರ್ಥ, ಕಪ್ಪಾಗಿರುವುದು ಮೇಲಕ್ಕೆ ಬಾಯಿ ತೆರೆದ ಕೆರಟಿನ್. ದೊಡ್ಡ ಗಂಟಾದರೆ ಸೀಳುಗಳೂ ಏರಿಳಿತಗಳೂ ಎದ್ದು ಕಾಣುತ್ತವೆ. ಚರ್ಮವೈದ್ಯರು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಡರ್ಮೋಸ್ಕೋಪಿನಲ್ಲಿ ಮೊದಲು ಹುಡುಕುವುದೂ ಇವನ್ನೇ. ಒಂದೇ ಒಂದು ಬಿಳಿ ಚುಕ್ಕೆ ಕಂಡ ಮಾತ್ರಕ್ಕೆ ತೀರ್ಮಾನ ಬೇಡ, ಮೆಲನೋಮಾದಲ್ಲಿಯೂ ಅಪರೂಪಕ್ಕೆ ಅದು ಕಾಣುವುದುಂಟು.

ಇಲ್ಲೊಂದು ಮಾತು ಹೇಳಬೇಕು. ಆರೋಗ್ಯದ ವಿಡಿಯೊಗಳಲ್ಲಿ ಹೇಳುವ ಎ-ಬಿ-ಸಿ-ಡಿ ಸೂತ್ರ ನಿಮಗೆ ಗೊತ್ತಿರಬಹುದು. ಎರಡು ಬದಿ ಸಮ ಇಲ್ಲದಿರುವುದು, ಅಂಕುಡೊಂಕು ಅಂಚು, ಹಲವು ಬಣ್ಣ, 6 ಮಿಲಿಮೀಟರಿಗಿಂತ ದೊಡ್ಡ ಗಾತ್ರ. 1985ರಲ್ಲಿ ನ್ಯೂಯಾರ್ಕಿನ ವೈದ್ಯರು ಕೊಟ್ಟ ಸೂತ್ರ ಅದು, ಬದಲಾಗುತ್ತಿದೆಯೇ ಎಂಬ 'ಇ' ಆಮೇಲೆ ಸೇರಿತು. ಚಪ್ಪಟೆ ಮಚ್ಚೆಗಳಿಗೆ ಒಳ್ಳೆಯ ಸೂತ್ರ. ಆದರೆ ಅಜ್ಜನ ಬೆನ್ನಿನ ಗಂಟಿಗೆ ಹಿಡಿದು ನೋಡಿದರೆ ನಾಲ್ಕಕ್ಕೆ ನಾಲ್ಕೂ ಹೊಂದಿಬಿಡುತ್ತದೆ! ನಿರಪಾಯದ ಗಂಟು 15, 20 ಮಿಲಿಮೀಟರ್ ಇರುವುದು ಮಾಮೂಲು, ಬಣ್ಣವೂ ಒಂದೇ ಇರುವುದಿಲ್ಲ. ಅತ್ತ ಹುಬ್ಬಿಕೊಂಡು ಬೇಗ ಬೆಳೆಯುವ ಮೆಲನೋಮಾ ದುಂಡಗೆ, ಒಂದೇ ಬಣ್ಣದಲ್ಲಿ, ಚಿಕ್ಕದಾಗಿಯೇ ಇದ್ದು ಸೂತ್ರದ ಕೈಗೆ ಸಿಗದೆ ಹೋಗಬಹುದು. ಅಂಥದ್ದರ ಗುರುತು ಬೇರೆ: ಉಬ್ಬಿದೆ, ಒತ್ತಿದರೆ ಗಟ್ಟಿ, ಒಂದು ತಿಂಗಳಿಂದ ಬಿಡದೆ ಬೆಳೆಯುತ್ತಿದೆ. ಇವು ಮೂರೂ ಸೇರಿದರೆ ಬಣ್ಣ ಕಪ್ಪಿರಲಿ, ಕೆಂಪಿರಲಿ, ಎರಡು ವಾರದೊಳಗೆ ವೈದ್ಯರ ಮುಂದೆ ಇರಬೇಕು.

ಇನ್ನೊಂದು ನಂಬಬಹುದಾದ ಉಪಾಯ ಅಕ್ಕಪಕ್ಕ ಹೋಲಿಸುವುದು. ಸೆಬೊರಿಕ್ ಕೆರಟೋಸಿಸ್ ಒಂಟಿಯಾಗಿರುವುದು ಕಡಿಮೆ. ಒಬ್ಬರ ಮೈಮೇಲಿನವು ಗಾತ್ರದಲ್ಲಿ ಬೇರೆಯಾದರೂ ಒಂದೇ ಬಳಗದವು ಎಂದು ತಿಳಿಯುತ್ತದೆ. ಬಳಗಕ್ಕೆ ಸೇರದ ಒಂದು, ಉಳಿದವೆಲ್ಲ ಒರಟಾಗಿರುವಾಗ ನುಣ್ಣಗೆ ಕಪ್ಪು ನೀಲಿಯಾಗಿ ಹೊಳೆಯುವ ಒಂದು, ಅದನ್ನು ಬೆರಳಿಟ್ಟು ತೋರಿಸಿ.

ಒಂದು ಪ್ರಕರಣ, ಬಿಡಿಸಿ ನೋಡಿದರೆ

ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. ಸಿರಸಿ ಸಮೀಪದ ಹಳ್ಳಿಯ ಅಡಿಕೆ ಬೆಳೆಗಾರರು, ವಯಸ್ಸು 66. ಬೆನ್ನ ಮೇಲೆ ಇಪ್ಪತ್ತರ ಆಸುಪಾಸು ಗಂಟುಗಳು, ಹತ್ತು ಹನ್ನೆರಡು ವರ್ಷದಿಂದ ಇವೆ. ಸೊಂಟದಲ್ಲಿ ಉಡದಾರ ಕೂರುವಲ್ಲೇ ಇರುವ ಒಂದು ಗಂಟು, 14 ಮಿಲಿಮೀಟರಿನದು, ಈ ಮಳೆಗಾಲದಲ್ಲಿ ಕೆಂಪಾಗಿ, ತುರಿಸಿ, ಪಂಚೆಗೆ ರಕ್ತದ ಕಲೆ ಹಚ್ಚಿತು. ಮಗ ಹೆದರಿ ಕರೆದುಕೊಂಡು ಹೊರಡುತ್ತಾನೆ. ಹೊರಡುವ ಮೊದಲು ಪಾದ ನೋಡಿದರೆ ಎಡ ಹಿಮ್ಮಡಿಯಲ್ಲಿ 11 ಮಿಲಿಮೀಟರಿನ ಚಪ್ಪಟೆ ಕಲೆ. "ಅದು ಮುಳ್ಳು ಚುಚ್ಚಿದ್ದು ಮಾರಾಯ, ಎರಡು ಮಳೆಗಾಲ ಆಯ್ತು. ಆಣಿ ಆಗಿದೆ" ಎಂದು ಅಪ್ಪ. ಆಣಿಗೆಂದು ಮೆಡಿಕಲ್ ಶಾಪಿನ ಕಾರ್ನ್ ಪ್ಲಾಸ್ಟರು ಹಚ್ಚಿದ್ದೂ ಆಗಿದೆ. ನೋವಿಲ್ಲ, ರಕ್ತವಿಲ್ಲ.

ಸೊಂಟದ ಗಂಟು ನೋಡಿ. ರಕ್ತ ಬಂದದ್ದು ನಿಜ, ಆದರೆ ಕಾರಣ ಅಲ್ಲೇ ಇದೆ: ಉಡದಾರದ ಉಜ್ಜು, ಬೆವರು, ಉಗುರಿನ ತುರಿಕೆ. ಹೆಂಗಸರಲ್ಲಿ ಕರಿಮಣಿ ತಾಗುವ ಕತ್ತಿನಲ್ಲಿ, ರವಿಕೆಯ ಅಂಚಿನಲ್ಲಿ ಇದೇ ಆಗುತ್ತದೆ. ಅಂಚು ಮೆಟ್ಟಿಲಿನಂತಿದೆ, ಕೆರಳದೆ ಉಳಿದ ಭಾಗದಲ್ಲಿ ಬಿಳಿ ಚುಕ್ಕೆಗಳು, ಕಪ್ಪು ತೂತುಗಳು ಇವೆ, ಬೆನ್ನಿನ ಬಳಗಕ್ಕೆ ಸೇರಿದ್ದು. ಕೆರಳಿದ ಸೆಬೊರಿಕ್ ಕೆರಟೋಸಿಸ್ ಎನ್ನಲು ಸಾಕಷ್ಟು ಆಧಾರ. ಆದರೂ ಕೆರಳಿದಾಗ ಗುರುತುಗಳು ಅಳಿಸುತ್ತವೆ, ಹಾಗಾಗಿ ವೈದ್ಯರು ಅದನ್ನು ಕೆರೆದು ತೆಗೆದರೆ ಪೆಥಾಲಜಿಗೆ ಕಳಿಸುವುದು ಸರಿಯಾದ ಕ್ರಮ.

ಹಿಮ್ಮಡಿಯದು ಪ್ರತಿ ಹಂತದಲ್ಲೂ ತಪ್ಪಿ ಬೀಳುತ್ತದೆ. ಜಾಗವೇ ತಪ್ಪು. ಎರಡು ಮಳೆಗಾಲ ಕಳೆದರೂ ಹೋಗಿಲ್ಲ, ಮುಳ್ಳಿನ ರಕ್ತವಾಗಿದ್ದರೆ ಕೆಲವು ವಾರಗಳಲ್ಲಿ ಉದುರಬೇಕಿತ್ತು. ಆಣಿ ಎಂದರೆ ಗಟ್ಟಿ ಹಳದಿ ತಿರುಳು, ಒತ್ತಿದರೆ ನೋವು. ಇಲ್ಲಿ ಎರಡೂ ಇಲ್ಲ. ಪ್ಲಾಸ್ಟರಿನಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಮೇಲ್ಪದರ ಬಿಡಿಸಿತಷ್ಟೇ, ಬಣ್ಣ ಹಾಗೇ ಉಳಿಯಿತು. ಅದೂ ಒಂದು ಸುಳಿವೇ: ಬಣ್ಣ ಇರುವುದು ಆಳದಲ್ಲಿ. ಡರ್ಮೋಸ್ಕೋಪಿನಲ್ಲಿ ವೈದ್ಯರು ಪಾದದ ಗೆರೆಗಳನ್ನು ನೋಡುತ್ತಾರೆ. ಬೆರಳಚ್ಚಿನಲ್ಲಿರುವಂತೆ ಅಂಗಾಲಿನಲ್ಲೂ ದಿಣ್ಣೆ, ತೋಡುಗಳ ಸಾಲಿದೆ. ಬೆವರಿನ ರಂಧ್ರಗಳು ಸಣ್ಣ ಬಿಳಿ ಚುಕ್ಕೆಗಳಾಗಿ ಕಾಣುವುದು ದಿಣ್ಣೆಯ ಮೇಲೆ. ಸಾಮಾನ್ಯ ಮಚ್ಚೆಯ ಬಣ್ಣ ಹೆಚ್ಚಾಗಿ ತೋಡಿನಲ್ಲಿ ತೆಳುಗೆರೆಯಾಗಿ ಕೂರುತ್ತದೆ, ಮೆಲನೋಮಾದ ಬಣ್ಣ ದಿಣ್ಣೆಗಳ ಮೇಲೆ ದಪ್ಪ ಪಟ್ಟಿಯಾಗಿ ಹರಡುತ್ತದೆ. ಈ ಹಿಮ್ಮಡಿಯಲ್ಲಿ ಬಣ್ಣ ದಿಣ್ಣೆಯ ಮೇಲಿದೆ ಎಂದುಕೊಳ್ಳಿ. ಮುಂದಿನದು ಬಯಾಪ್ಸಿ.

ಸಾಧ್ಯವಿದ್ದಲ್ಲಿ ಇಡೀ ಕಲೆಯನ್ನು ಸುತ್ತ 2 ಮಿಲಿಮೀಟರ್ ಸೇರಿಸಿ, ಚರ್ಮದ ಪೂರ್ತಿ ದಪ್ಪ ಬರುವಂತೆ ತೆಗೆಯುತ್ತಾರೆ. ಮೇಲಿಂದ ಕೆರೆದು ತೆಗೆಯುವುದಿಲ್ಲ, ಯಾಕೆಂದರೆ ಮೆಲನೋಮಾದಲ್ಲಿ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ. ರಿಪೋರ್ಟಿನಲ್ಲಿ ಬ್ರೆಸ್ಲೋ ಥಿಕ್‌ನೆಸ್ ಎಂದು ಮಿಲಿಮೀಟರಿನಲ್ಲಿ ಬರೆಯುವುದು ಇದನ್ನೇ. ಇಲ್ಲಿ 0.6 ಮಿಲಿಮೀಟರ್ ಬಂತು, ಮೇಲೆ ಹುಣ್ಣಾಗಿಲ್ಲ ಎಂದರೆ, ಸುತ್ತ 1 ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ಮತ್ತೊಮ್ಮೆ ಅಗಲವಾಗಿ ತೆಗೆಯುತ್ತಾರೆ. ಲೆಕ್ಕ ಹಾಕಿ: 11 ಮಿಲಿಮೀಟರಿನ ಕಲೆಗೆ ಮೂರು ಸೆಂಟಿಮೀಟರಿನ ಗಾಯ, ಅದೂ ಮೈಭಾರ ಹೊರುವ ಹಿಮ್ಮಡಿಯಲ್ಲಿ. ಬೇರೆಡೆಯ ಚರ್ಮ ಕೂರಿಸಬೇಕಾಗಬಹುದು, ತೋಟಕ್ಕಿಳಿಯಲು ಕೆಲವು ತಿಂಗಳು. ಆದರೆ ಇನ್ನೆರಡು ಮಳೆಗಾಲ ಬಿಟ್ಟಿದ್ದರೆ ಆಳ ಹೆಚ್ಚಿ, ತೊಡೆಸಂದಿನ ಗ್ರಂಥಿಗಳಿಗೆ ಹೋಗಿದೆಯೇ ಎಂದು ಹುಡುಕುವ ಸ್ಥಿತಿ ಬರುತ್ತಿತ್ತು.

ಕೆಡಿಸಿಕೊಳ್ಳುವುದು ಎಲ್ಲಿ

ನಮ್ಮ ಜಿಲ್ಲೆಯಲ್ಲಿ ಕಪ್ಪು ಗಂಟಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವವರಿದ್ದಾರೆ, ಸುಣ್ಣಕ್ಕೆ ಸೋಡಾ ಕಲಸಿ ಇಡುವವರಿದ್ದಾರೆ. ಗೇರೆಣ್ಣೆ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ. ಗಂಟಿನ ಮೇಲ್ಭಾಗ ಉದುರಿ "ಹೋಯ್ತು" ಅನ್ನಿಸುತ್ತದೆ. ಸೆಬೊರಿಕ್ ಕೆರಟೋಸಿಸ್ ಆಗಿದ್ದರೆ ನಷ್ಟ ಒಂದು ಕಲೆಯಷ್ಟೇ. ಮೆಲನೋಮಾ ಆಗಿದ್ದರೆ ಮೇಲಿನ ಗುರುತು ಹೋಗಿ ಕೆಳಗಿನದು ಉಳಿಯುತ್ತದೆ, ಆಮೇಲೆ ಸುಟ್ಟ ಕಲೆ ಯಾವುದು, ರೋಗ ಯಾವುದು ಎಂದು ವೈದ್ಯರಿಗೂ ತಿಳಿಯುವುದು ಕಷ್ಟ. ಬ್ಯೂಟಿ ಪಾರ್ಲರಿನಲ್ಲಿ ಕರೆಂಟಿನಿಂದ ಸುಡಿಸಿಕೊಳ್ಳುವುದರಲ್ಲೂ ತೊಂದರೆ ಇದೇ: ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಏನಾದರೂ ಹಚ್ಚಿದ್ದರೆ ಮುಚ್ಚಿಡಬೇಡಿ, ಏನು, ಯಾವಾಗ ಎಂದು ವೈದ್ಯರಿಗೆ ಹೇಳಿ.

"ಕತ್ತಿ ತಾಗಿದರೆ ಹರಡುತ್ತದೆ" ಎಂಬ ಮಾತು ಇನ್ನೊಂದು ಅಡ್ಡಿ. ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ. ಹರಡುವುದು ಬಿಟ್ಟದ್ದರಿಂದ.

ತಪ್ಪು ಆಗುವುದು ಮನೆಯಲ್ಲಿ ಮಾತ್ರವಲ್ಲ. ಮೇಲ್ಮೈ ಒರಟಾಗಿದ್ದು ಸೆಬೊರಿಕ್ ಕೆರಟೋಸಿಸ್‌ನಂತೆಯೇ ಕಾಣುವ ಮೆಲನೋಮಾಗಳಿವೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೆಬೊರಿಕ್ ಕೆರಟೋಸಿಸ್ ಇರಬಹುದು ಎಂದು ಬರೆದು ಪೆಥಾಲಜಿಗೆ ಕಳಿಸಿದ 9204 ತುಣುಕುಗಳಲ್ಲಿ 61 ಮೆಲನೋಮಾ ಎಂದು ಬಂದವು. ನೂರಕ್ಕೆ ಒಂದಕ್ಕೂ ಕಡಿಮೆ. ಎಲ್ಲ ಗಂಟಿಗೂ ಬಯಾಪ್ಸಿ ಬೇಕೆಂದು ಇದರ ಅರ್ಥವಲ್ಲ. ಹೇಗೂ ತೆಗೆಸುತ್ತಿದ್ದೀರಿ, ಅದು ಇತ್ತೀಚೆಗೆ ಬದಲಾಗಿದೆ ಎಂದಾದರೆ ತುಣುಕನ್ನು ಕಸದ ಬುಟ್ಟಿಗೆ ಹಾಕಲು ಬಿಡಬೇಡಿ, ಅಷ್ಟೇ.

ವೈದ್ಯರ ಬಳಿ ಹೋಗುವಾಗ

ಫೋಟೊ ಮೂರು ಬೇಕು: ಕಲೆ ಮೈಯ ಯಾವ ಭಾಗದಲ್ಲಿದೆ ಎಂದು ತಿಳಿಯುವಂತೆ ದೂರದಿಂದ ಒಂದು, ಪಕ್ಕದಲ್ಲಿ ಸ್ಕೇಲಿಟ್ಟು ನೇರ ಮೇಲಿಂದ ಒಂದು, ಟಾರ್ಚನ್ನು ಪಕ್ಕದಿಂದ ಬಿಟ್ಟು ಇನ್ನೊಂದು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಹಳೆಯ ಮದುವೆ, ಉಪನಯನದ ಫೋಟೊದಲ್ಲಿ ಆ ಜಾಗ ಕಾಣುತ್ತಿದ್ದರೆ ಅದನ್ನೂ ಒಯ್ಯಿರಿ. ಕಲೆ ಆಗ ಇತ್ತೋ ಇಲ್ಲವೋ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಕೇಳಿ. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಭಟ್ಕಳ ಹೊನ್ನಾವರದವರಿಗೆ ಮಣಿಪಾಲ ಹತ್ತಿರವಾಗಬಹುದು. ಮೊದಲ ಮಾತಿಗೇ ಹೇಳಬೇಕಾದ್ದು ಯಾವ ಕಲೆ ಬದಲಾಗಿದೆ, ಎಷ್ಟು ದಿನದಿಂದ ಎಂದು. ಆಮೇಲೆ ಚಪ್ಪಲಿ, ಕಾಲುಚೀಲ ಬಿಚ್ಚಿ ಎರಡೂ ಅಂಗಾಲು, ಹತ್ತೂ ಕಾಲುಗುರು ತೋರಿಸಿ. ಉಗುರಿಗೆ ಬಣ್ಣ, ಮದರಂಗಿ ಹಚ್ಚಿಕೊಂಡು ಹೋಗಬೇಡಿ.

ಒಂದು ವಿಷಯ ಚರ್ಮಕ್ಕಿಂತ ಒಳಗಿನದು. ವರ್ಷಗಳಲ್ಲಿ ಒಂದೊಂದಾಗಿ ಬರಬೇಕಾದ ಗಂಟುಗಳು ಕೆಲವೇ ವಾರ, ತಿಂಗಳಲ್ಲಿ ಡಜನ್‌ಗಟ್ಟಲೆ ಎದ್ದು ತುರಿಸತೊಡಗಿದರೆ, ಜತೆಗೆ ತೂಕ ಇಳಿಯುತ್ತಿದ್ದರೆ, ಹೊಟ್ಟೆಯ ಕ್ಯಾನ್ಸರಿನಂಥದ್ದು ಒಳಗಿದೆಯೇ ಎಂದು ವೈದ್ಯರು ಪರೀಕ್ಷೆ ಮಾಡಿಸುವುದುಂಟು. ಬಹಳ ಅಪರೂಪ, ಆದರೆ ಹೇಳದಿದ್ದರೆ ಅವರಿಗೂ ತಿಳಿಯದು.

ಸೆಬೊರಿಕ್ ಕೆರಟೋಸಿಸ್ ಎಂದೇ ಖಚಿತವಾದರೆ ಚಿಕಿತ್ಸೆಯೇ ಬೇಕಿಲ್ಲ. ಬಟ್ಟೆಗೆ ತಾಗುತ್ತದೆ, ಮುಖದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದಾದರೆ ತೆಗೆಸಬಹುದು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು ತ್ವರಿತ, ಆದರೆ ಬಣ್ಣದ ಕೋಶಗಳು ಚಳಿಗೆ ಬೇಗ ಸಾಯುವುದರಿಂದ ನಮ್ಮ ಮೈಬಣ್ಣದಲ್ಲಿ ಅಲ್ಲಿ ಬಿಳಿ ಮಚ್ಚೆ ಉಳಿದೀತು, ಕೆಲವೊಮ್ಮೆ ಕಾಯಂ ಆಗಿ. ಮುಖದ ಚಿಕ್ಕ ಗಂಟುಗಳಿಗೆ ವೈದ್ಯರು ಕರೆಂಟಿನಿಂದ ಸುಡುವ ಕಡಿಮೆ ಶಕ್ತಿಯ ಕಾಟರಿ ಅಥವಾ ಹಗುರವಾಗಿ ಕೆರೆದು ತೆಗೆಯುವುದು ವಾಸಿ. ಎಲ್ಲವನ್ನೂ ಒಂದೇ ದಿನ ಮಾಡಿಸದೆ, ಕಿವಿಯ ಹಿಂದೋ ಬೆನ್ನಲ್ಲೋ ಒಂದನ್ನು ಮೊದಲು ತೆಗೆಸಿ, ಆರೆಂಟು ವಾರದ ಮೇಲೆ ಕಲೆ ಹೇಗೆ ಉಳಿದಿದೆ ಎಂದು ನೋಡಿಯೇ ಉಳಿದವಕ್ಕೆ ಒಪ್ಪಿ. ತೆಗೆದ ಜಾಗದಲ್ಲಿ ಮತ್ತೆ ಬರಬಹುದು, ಪಕ್ಕದಲ್ಲಿ ಹೊಸದು ಏಳುವುದಂತೂ ನಿಲ್ಲುವುದಿಲ್ಲ.